ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಉತ್ತರ ಕೊಡುವವರು ಯಾರು?

*ಸಂಪಾದಕರಿಗೆ ನಮಸ್ಕಾರ. ಗ್ರಾಮೀಣ ಬ್ಯಾಂಕೊಂದರಲ್ಲಿ ಕ್ಲರ್ಕ್ ಆಗಿದ್ದ ನಾನು ಈ ವರ್ಷ ಪರೀಕ್ಷೆ, ಸಂದರ್ಶನ ಮುಗಿಸಿ ಆಫೀಸರ್ ಆದೆ. ಸಿಬ್ಬಂದಿ ಕಡಿಮೆ ಅಂತ ಅದೇ ಶಾಖೆಯಲ್ಲಿ ಉಳಿಸಿಕೊಂಡಿದ್ದಾರೆ. ನನಗಿಂತ ಆರು ವರ್ಷ ಹಿರಿಯರಾದ ಕ್ಯಾಶಿಯರ್ ಕೂಡ ಪರೀಕ್ಷೆ ಬರೆದಿದ್ದರು, ಅವರಿಗೆ ಆಗಲಿಲ್ಲ. ನನಗೆ ಕೆಲಸ ಕಲಿಸಿದವರು, ಅಣ್ಣಾ ಎಂದೇ ಕರೆಯುತ್ತಿದ್ದೆ. ಈಗ ಮುಖ ತಿರುಗಿಸುತ್ತಾರೆ. ಬೆಳಿಗ್ಗೆ ತಿಜೋರಿ ಕೀಲಿಯನ್ನು ಬೇಕೆಂದೇ ತಡವಾಗಿ ತರುತ್ತಾರೆ. ಏನು ಕೇಳಿದರೂ ಗ್ರಾಹಕರ ಎದುರಿಗೆ "ಆಫೀಸರಮ್ಮನ್ನ ಕೇಳ್ರಿ" ಅನ್ನುತ್ತಾರೆ. ಹೊಟ್ಟೆಕಿಚ್ಚಿಗೆ ಮದ್ದಿದೆಯೇ? ಮೇಲಿನವರಿಗೆ ದೂರು ಕೊಡಲೇ?*
*– ಹೆಸರು ಬೇಡ, ಹಾವೇರಿ ಜಿಲ್ಲೆ*

ನಿಮ್ಮ ತಪ್ಪೇನೂ ಇಲ್ಲ ತಂಗಿ. ಓದಿದಿರಿ, ಬರೆದಿರಿ, ಪಾಸಾದಿರಿ. ಅದಕ್ಕೆ ಯಾರ ಹತ್ತಿರವೂ ತಲೆ ತಗ್ಗಿಸಬೇಕಾಗಿಲ್ಲ.

ಇಷ್ಟು ಹೇಳಿ ನಾನು ನಿಮ್ಮ ಕ್ಯಾಶಿಯರ ಕಡೆ ತಿರುಗುತ್ತೇನೆ, ಬೇಸರಿಸಬೇಡಿ. ಬಡ್ತಿ ಸಿಕ್ಕವರು ಪತ್ರಿಕೆಗೆ ಪತ್ರ ಬರೆಯುತ್ತಾರೆ. ತಪ್ಪಿದವರು ಬರೆಯುವುದಿಲ್ಲ, ಮನೆಗೆ ಹೋಗಿ ಟಿ.ವಿ. ಮುಂದೆ ಸುಮ್ಮನೆ ಕೂರುತ್ತಾರೆ. ಹಾಗಾಗಿ ಅವರ ವಕಾಲತ್ತನ್ನು ಯಾರಾದರೂ ವಹಿಸಬೇಕು.

ನಿಮ್ಮ ಪತ್ರದಲ್ಲಿ ಒಂದು ವಿಷಯ ಹುಡುಕಿದೆ, ಸಿಗಲಿಲ್ಲ. ಆ ಮನುಷ್ಯನಿಗೆ ಯಾಕೆ ಬಡ್ತಿ ಸಿಗಲಿಲ್ಲ ಎಂದು ಯಾರಾದರೂ ಕೂರಿಸಿಕೊಂಡು ಹೇಳಿದರೇ? ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತೋ, ಸಂದರ್ಶನದಲ್ಲಿ ಎಡವಿದರೋ, ಇಲ್ಲ ಯಾವುದೋ ಮ್ಯಾನೇಜರ್ ಯಾವುದೋ ವರ್ಷದ ವಾರ್ಷಿಕ ವರದಿಯಲ್ಲಿ ಅರೆಮನಸ್ಸಿನಿಂದ ಬರೆದ ಒಂದು ಸಾಲು ಅಡ್ಡ ಬಂತೋ? ನನ್ನ ಅಂದಾಜು, ಯಾರೂ ಹೇಳಿಲ್ಲ. ಪ್ರಧಾನ ಕಚೇರಿಯಿಂದ ಪಟ್ಟಿ ಬಂದಿರುತ್ತದೆ, ಅದರಲ್ಲಿ ನಿಮ್ಮ ಹೆಸರಿತ್ತು, ಅವರದ್ದಿರಲಿಲ್ಲ. ಮಧ್ಯಾಹ್ನದೊಳಗೆ ಶಾಖೆಯಲ್ಲಿ "ಪಾರ್ಟಿ ಯಾವಾಗ ಮೇಡಂ" ಶುರುವಾಗಿರುತ್ತದೆ. ಅವರು ಅದೇ ಹೊತ್ತಿಗೆ ನೋಟಿನ ಕಟ್ಟು ಎಣಿಸುತ್ತ ಕೂತಿರುತ್ತಾರೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ದಿನಪತ್ರಿಕೆಯೊಂದರಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಅವರನ್ನು ದಾಟಿಸಿ ಕಿರಿಯನೊಬ್ಬನನ್ನು ಮುಖ್ಯ ಉಪಸಂಪಾದಕ ಮಾಡಿದರು. ಆದೇಶವನ್ನು ನೋಟಿಸ್ ಬೋರ್ಡಿಗೆ ಪಿನ್ ಚುಚ್ಚಿದ್ದೇ ಎಲ್ಲ ವಿವರಣೆ. ಆಮೇಲೆ ಆ ಹಿರಿಯರು ಒಂದು ಸುದ್ದಿಯನ್ನೂ ಹೊತ್ತಿಗೆ ಕೊಡಲಿಲ್ಲ. ಪುಟ ಪ್ರೆಸ್ಸಿಗೆ ಹೋಗುವ ಗಳಿಗೆಯವರೆಗೆ ಕಾಪಿಯನ್ನು ಮೇಜಿನ ಮೇಲೆ ಅಂಗೈ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದರು, ಹೊಸ ಮುಖ್ಯಸ್ಥ ಬಂದು ಕೇಳುವವರೆಗೆ. ಹೊಟ್ಟೆಕಿಚ್ಚಿನ ಮುದುಕ ಎಂದು ಎಲ್ಲರೂ ಆಡಿಕೊಂಡರು. ಎಷ್ಟೋ ದಿನದ ಮೇಲೆ ಆಡಳಿತ ವಿಭಾಗದ ಗುಮಾಸ್ತರೊಬ್ಬರು ಕಾಫಿ ಕುಡಿಯುವಾಗ ಬಾಯಿ ಬಿಟ್ಟರು: ಇಂಗ್ಲಿಷ್ ಏಜೆನ್ಸಿ ಸುದ್ದಿಯ ಅನುವಾದ ನಿಧಾನ ಎಂದು ವರದಿಯಲ್ಲಿತ್ತಂತೆ. "ಇಷ್ಟೇನಾ? ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ" ಅಂದರು ಹಿರಿಯರು. ಮಾರನೆಯ ವಾರದಿಂದ ಕಾಪಿ ಹೊತ್ತಿಗೆ ಸರಿಯಾಗಿ ಬರತೊಡಗಿತು. ಕಿರಿಯನ ಜೊತೆ ಸ್ನೇಹ ಮಾತ್ರ ಮತ್ತೆ ಕುದುರಲಿಲ್ಲ, ಅದು ಬೇರೆ ಮಾತು.

ಇದು ನನ್ನೊಬ್ಬನ ಹಳೆಯ ಕಥೆಯಾದರೆ ಬಿಟ್ಟುಬಿಡಬಹುದಿತ್ತು. 1990ರಲ್ಲಿ ಅಮೆರಿಕದ ಜೆರಾಲ್ಡ್ ಗ್ರೀನ್‌ಬರ್ಗ್ ಎಂಬ ಸಂಶೋಧಕ ಒಂದೇ ಕಂಪನಿಯ ಮೂರು ಕಾರ್ಖಾನೆಗಳ ಮೇಲೆ ಅಧ್ಯಯನ ಪ್ರಕಟಿಸಿದ. ಆರ್ಡರ್ ತಪ್ಪಿಹೋಗಿ ಕಂಪನಿ ಎರಡು ಕಾರ್ಖಾನೆಗಳಲ್ಲಿ 10 ವಾರ ಸಂಬಳವನ್ನು ಶೇ. 15ರಷ್ಟು ಕಡಿತ ಮಾಡಿತ್ತು. ಮೂರನೆಯದರಲ್ಲಿ ಕಡಿತವಿರಲಿಲ್ಲ. ಒಂದು ಕಡೆ ಕಂಪನಿಯ ಅಧ್ಯಕ್ಷನೇ ಬಂದು ಒಂದೂವರೆ ಗಂಟೆ ನಿಂತು ಲೆಕ್ಕ ತೋರಿಸಿದ, ವಿಷಾದ ಹೇಳಿದ, ಕೇಳಿದ್ದಕ್ಕೆಲ್ಲ ಉತ್ತರಿಸಿದ. ಇನ್ನೊಂದು ಕಡೆ ಕಾಲು ಗಂಟೆಯಲ್ಲಿ ವಿಷಯ ಮುಗಿಸಿ ಹೊರಟರು. ಆ ಅವಧಿಯಲ್ಲಿ ಕಾರ್ಖಾನೆಗಳಿಂದ ಕಳುವಾದ ಸಾಮಾನನ್ನು ಲೆಕ್ಕ ಹಾಕಿದಾಗ, ಕಾಲು ಗಂಟೆಯ ಕಾರ್ಖಾನೆಯಲ್ಲಿ ಕಳವು ಎಲ್ಲಕ್ಕಿಂತ ಹೆಚ್ಚಾಗಿತ್ತು. ಎರಡು ಕಡೆಯೂ ಕಳೆದುಕೊಂಡ ಹಣ ಅಷ್ಟೇ. ವಿವರಣೆ ಸಿಕ್ಕವರು ಕಹಿಯನ್ನು ನುಂಗಿಕೊಂಡರು, ಸಿಗದವರು ಕೈಗೆ ಸಿಕ್ಕಿದ್ದನ್ನು ಮನೆಗೆ ಒಯ್ದರು. ನಿಮ್ಮ ಕ್ಯಾಶಿಯರ್ ಕಳ್ಳರೆಂದು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಅವರು ಒಯ್ಯುತ್ತಿರುವುದು ಬೆಳಗಿನ ಹತ್ತಿಪ್ಪತ್ತು ನಿಮಿಷಗಳನ್ನು.

ನಮ್ಮ ದೇಶದಲ್ಲಂತೂ ಈ ಬಾಯಿಬಿಡದ ರೋಗಕ್ಕೆ ಸುಪ್ರೀಂ ಕೋರ್ಟೇ ಮದ್ದು ಬರೆಯಬೇಕಾಯಿತು. ಗಡಿ ರಸ್ತೆ ಇಲಾಖೆಯಲ್ಲಿ ದೇವ್ ದತ್ ಎಂಬ ಕಾರ್ಯನಿರ್ವಾಹಕ ಎಂಜಿನಿಯರ್ ಇದ್ದರು. ಅಧೀಕ್ಷಕ ಎಂಜಿನಿಯರ್ ಹುದ್ದೆಗೆ ಏರಲು ಐದು ವರ್ಷವೂ 'ವೆರಿ ಗುಡ್' ಇರಬೇಕಿತ್ತು. 1993–94ರ ಒಂದೇ ಒಂದು ವರ್ಷಕ್ಕೆ ಯಾರೋ 'ಗುಡ್' ಎಂದು ಬರೆದಿದ್ದರು. ಕೆಟ್ಟ ಮಾತಲ್ಲವಲ್ಲ ಎಂದು ಇಲಾಖೆ ಅದನ್ನು ಅವರಿಗೆ ತಿಳಿಸಲೇ ಇಲ್ಲ. ಕಿರಿಯರು ಮೇಲೆ ಹೋದರು, ಇವರು ಉಳಿದರು. 2008ರಲ್ಲಿ ತೀರ್ಪು ಬರುವ ಹೊತ್ತಿಗೆ ನಿವೃತ್ತಿಯೂ ಆಗಿತ್ತು. ವಾರ್ಷಿಕ ವರದಿಯಲ್ಲಿ ಏನೇ ಬರೆದಿರಲಿ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ನೌಕರನಿಗೆ ತಿಳಿಸಲೇಬೇಕು, ಅವನು ಆಕ್ಷೇಪಿಸಲು ಅವಕಾಶ ಕೊಡಬೇಕು ಎಂದಿತು ಕೋರ್ಟು. ಸಾರ್ವಜನಿಕ ವಲಯದ ಸಂಸ್ಥೆಗಳಿಗೂ ಆ ಮಾತು ಅನ್ವಯ ಎಂದೂ ಹೇಳಿತು. ನಿಮ್ಮ ಕ್ಯಾಶಿಯರು ತಮ್ಮ ವರದಿಯನ್ನು ಕಣ್ಣಾರೆ ನೋಡಿದ್ದಾರೆಯೇ? ತಮ್ಮ ಅಂಕ ಅವರಿಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ ತಮ್ಮದೇ ವಿವರವನ್ನು ಕೇಳಬಹುದು. ಕೇಂದ್ರದ ನಿಯಮದಂತೆ ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಆದರೆ ಈ ಸಲಹೆ ನಿಮ್ಮ ಬಾಯಿಂದ ಹೋಗಕೂಡದು, ಗಾಯಕ್ಕೆ ಉಪ್ಪು ಸವರಿದಂತಾಗುತ್ತದೆ. ಯೂನಿಯನ್ನಿನ ಹಿರಿಯರೊಬ್ಬರಿಂದ ಹೋಗಲಿ.

ಅಧಿಕಾರಿಗಳಿಗೆ ಈ ಗುಟ್ಟು ಯಾಕೆ ಬೇಕು? ಎದುರಿಗೆ ಕೂತು "ನಿನ್ನಲ್ಲಿ ಇಂಥದ್ದು ಕಡಿಮೆಯಿದೆ" ಎನ್ನಲು ಎದೆ ಬೇಕು, ಅದಿಲ್ಲ, ಅಷ್ಟೇ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲೂ ಇದೇ ಕಥೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ವರ್ಷವಿಡೀ "ಗ್ರೇಟ್ ಜಾಬ್" ಎಂದ ಮ್ಯಾನೇಜರ್ ಮಾರ್ಚ್ ಬಂದಾಗ "ನಾನು ನಿನ್ನ ಪರವೇ ಇದ್ದೆ, ಮೇಲಿನವರು ಬೆಲ್ ಕರ್ವ್ ಅಂದರು, ಇಷ್ಟೇ ಜನಕ್ಕೆ ಒಳ್ಳೆಯ ರೇಟಿಂಗ್ ಅಂತ" ಎಂದು ಕೈ ತೊಳೆಯುತ್ತಾನೆ. ತಪ್ಪಿಸಿಕೊಂಡ ಮೇಲಧಿಕಾರಿಯ ಮೇಲೆ ಹೋಗಬೇಕಾದ ಸಿಟ್ಟು ಪಕ್ಕದ ಕುರ್ಚಿಯವರ ಮೇಲೆ ಬೀಳುತ್ತದೆ. ನಿಮ್ಮ ಮೇಲೆ ಬಿದ್ದಿರುವುದೂ ಆ ಸಿಟ್ಟೇ.

ಈಗ ದೂರಿನ ಮಾತು. ಮುಖ ತಿರುಗಿಸುವುದು, ಆಫೀಸರಮ್ಮ ಎಂದು ಕೊಂಕುವುದು, ಇವಕ್ಕೆಲ್ಲ ದೂರು ಕೊಡಬೇಡಿ. ಗ್ರಾಹಕ ನಿಮ್ಮ ಮೇಜಿಗೆ ಬಂದರೆ ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟು ಕಳಿಸಿ. ಅಣ್ಣಾ ಎಂದು ಕರೆಯುವುದನ್ನೂ ನಿಲ್ಲಿಸಬೇಡಿ. ಅವರು ಓಗೊಡದಿದ್ದರೆ ಅದು ಅವರ ಇಷ್ಟ.

ಕೀಲಿಯ ವಿಷಯ ಹಾಗಲ್ಲ. ತಿಜೋರಿ ಜಾಯಿಂಟ್ ಕಸ್ಟಡಿಯಲ್ಲಿರುತ್ತದೆ, ಒಂದು ಕೀಲಿ ಅವರದು, ಇನ್ನೊಂದು ನಿಮ್ಮದು ಅಂದುಕೊಳ್ಳುತ್ತೇನೆ. ಎರಡೂ ಬೀಳದೆ ಬಾಗಿಲು ತೆರೆಯುವುದಿಲ್ಲ. ಅವರು ತಡ ಮಾಡಿದರೆ ಪಿಂಚಣಿಗೆ ಬಂದ ಅಜ್ಜಿ ಕಾಯಬೇಕು, ಅದಕ್ಕೂ ನಿಮ್ಮಿಬ್ಬರ ಜಗಳಕ್ಕೂ ಸಂಬಂಧವಿಲ್ಲ. ಮೊದಲು ಒಂದು ಸಲ, ಯಾರೂ ಇಲ್ಲದಾಗ, ನೇರವಾಗಿ ಕೇಳಿ. ನಿಮ್ಮ ಕಡೆಯ ಮಾತಿನಲ್ಲೇ ಹೇಳುವುದಾದರೆ, "ಅಣ್ಣಾ, ಲಿಸ್ಟಿನ ಬಗ್ಗೆ ಮಾತಾಡಾಕ ಬಂದಿಲ್ರಿ. ಕೌಂಟರ್ ತೆಗಿಯೂದರಾಗ ಕೀಲಿ ಬೇಕು. ಮುಂಜಾನಿ ಏನರ ತ್ರಾಸ ಇದ್ರ ಹೇಳ್ರಿ, ಮ್ಯಾನೇಜರಿಗೆ ಹೇಳಿ ರಿಜಿಸ್ಟರಿನ್ಯಾಗ ಬ್ಯಾರೆಯವರ ಹೆಸರಿಗೆ ಬರಸೋಣು." ಅಷ್ಟು ಸಾಕು. "ನಿಜಕ್ಕೂ ನಿಮಗೇ ಸಿಗಬೇಕಿತ್ತು" ಎಂದು ಮಾತ್ರ ಅನ್ನಬೇಡಿ. ನೀವೇ ಅದನ್ನು ನಂಬುವುದಿಲ್ಲ, ಅವರಿಗೂ ಅದು ಗೊತ್ತಾಗುತ್ತದೆ, ನಾಳೆ ಊಟದ ಮೇಜಿನಲ್ಲಿ "ಆಕಿನೇ ಒಪ್ಪಿಕೊಂಡಾಳ" ಎಂದು ತಿರುಗಿ ಬರುತ್ತದೆ. ಆಮೇಲೂ ತಡವಾದರೆ ಕ್ಯಾಶ್ ಕೌಂಟರ್ ಎಷ್ಟು ಗಂಟೆಗೆ ತೆರೆಯಿತು ಎಂದು ದಿನಾಂಕದ ಜೊತೆ ಬರೆದಿಟ್ಟು, ಮ್ಯಾನೇಜರಿಗೆ ತೋರಿಸಿ. ಅವರ ಮನಸ್ಸಿನಲ್ಲಿ ಏನಿದೆ ಎಂಬ ವಿಶ್ಲೇಷಣೆಯನ್ನು ಆ ಚೀಟಿಯಲ್ಲಿ ಸೇರಿಸಬೇಡಿ.

ನನಗೆ ನಿಜವಾಗಿ ಭಯವಿರುವುದು ಜಗಳದ ಬಗ್ಗೆ ಅಲ್ಲ, ನಿಮ್ಮ ಸಂಕೋಚದ ಬಗ್ಗೆ. ಅವರು ಎಂಟ್ರಿ ಮಾಡಿದ್ದನ್ನು ನೀವು ಪಾಸ್ ಮಾಡಬೇಕು, ಸಂಜೆ ನಗದು ಎಣಿಸಿ ಇಬ್ಬರೂ ಸಹಿ ಹಾಕಬೇಕು. "ಮೊದಲೇ ಸಿಟ್ಟಾಗಿದ್ದಾರೆ, ಮತ್ತೆ ಎಣಿಸಿದರೆ ನನ್ನ ಮೇಲೆ ನಂಬಿಕೆಯಿಲ್ಲವೇ ಅಂದಾರು" ಎಂದು ಎಣಿಸದೆ ಸಹಿ ಹಾಕಲು ಶುರು ಮಾಡಿದಿರೋ, ಮುಗಿಯಿತು. ಒಂದು ದಿನ ಒಂದು ಕಟ್ಟು ಕಡಿಮೆ ಬಂದರೆ, ಎಣಿಕೆಯ ತಪ್ಪಿನಿಂದಲೇ ಬಂದರೂ, ಇಬ್ಬರಿಗೂ ನೋಟಿಸ್ ಬರುತ್ತದೆ. ಪಾಸ್‌ವರ್ಡ್ ಹೇಳಿಕೊಡುವುದು, "ಇವತ್ತೊಂದು ದಿನ ನನ್ನ ಕೀಲೀನೂ ನೀವೇ ಇಟ್ಕೊಳ್ರಿ" ಅನ್ನುವುದು, ಇಂಥ ಸೌಜನ್ಯಗಳಿಂದ ಅವರನ್ನು ಒಲಿಸಲು ಹೋಗಬೇಡಿ. ಹಾಗೆಯೇ ಸಣ್ಣಪುಟ್ಟ ನೆಪಕ್ಕೆ ವೋಚರ್ ವಾಪಸ್ ಕಳಿಸಿ ಅಧಿಕಾರ ತೋರಿಸುವುದೂ ಬೇಡ. ಎಲ್ಲರ ವೋಚರ್ ಹೇಗೆ ನೋಡುತ್ತೀರೋ ಅವರದನ್ನೂ ಹಾಗೇ ನೋಡಿ.

ಕೊನೆಗೆ ನಿಮ್ಮ ಮೇಲಿನವರ ಬಗ್ಗೆ ಒಂದು ಮಾತು. ಕ್ಲರ್ಕ್ ಆಫೀಸರ್ ಆದಾಗ ಬೇರೆ ಶಾಖೆಗೆ ಹಾಕುವ ರೂಢಿ ಬ್ಯಾಂಕುಗಳಲ್ಲಿ ಸುಮ್ಮನೆ ಬಂದದ್ದಲ್ಲ. ನಿನ್ನೆ ಪಕ್ಕದಲ್ಲಿ ಕೂತು ಡಬ್ಬಿ ಹಂಚಿಕೊಂಡವರು ಇವತ್ತು ಸಹಿಗೆ ಕಾಯುವುದು ಇಬ್ಬರಿಗೂ ಹಿಂಸೆ. ಸಿಬ್ಬಂದಿ ಕೊರತೆಯ ಹೆಸರಿನಲ್ಲಿ ನಿಮ್ಮನ್ನು ಅಲ್ಲೇ ಕೂರಿಸಿ, ಅವರಿಗೆ ಒಂದು ಮಾತೂ ಹೇಳದೆ, ಸಂಬಂಧ ಸರಿಪಡಿಸುವ ಕೆಲಸವನ್ನೂ ನಿಮ್ಮ ತಲೆಗೇ ಕಟ್ಟಿದ್ದಾರೆ. ಮ್ಯಾನೇಜರಿಗೆ ಎರಡು ವಿಷಯ ಕೇಳಿ: ಅವರನ್ನು ಕರೆದು ಎಲ್ಲಿ ಅಂಕ ಹೋಯಿತು, ಮುಂದಿನ ಸಲಕ್ಕೆ ಏನು ಮಾಡಬೇಕು ಎಂದು ಹೇಳುತ್ತೀರಾ? ಮುಂದಿನ ವರ್ಗಾವಣೆಯಲ್ಲಿ ನನ್ನನ್ನು ಬೇರೆ ಶಾಖೆಗೆ ಕಳಿಸುತ್ತೀರಾ? ಎರಡನೆಯದಕ್ಕೆ ಅರ್ಜಿಯನ್ನು ಈಗಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರಣದ ಜಾಗದಲ್ಲಿ ಕ್ಯಾಶಿಯರ ಹೆಸರು ಬರೆಯಬೇಡಿ. ಬಡ್ತಿಯ ನಂತರದ ಪೋಸ್ಟಿಂಗ್ ಎಂದು ಬರೆದರೆ ಸಾಕು, ಅದು ನಿಮಗೆ ಸಲ್ಲಬೇಕಾದದ್ದೇ.

– ಸಂ.