ಅನುವಾದಕ್ಕೆ ತೊಡಗುವವರು ಮೊದಲು ಓದಬೇಕಾದದ್ದು

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಕಾಪುವಿನವಳು, ಬ್ಯಾಂಕಿನಲ್ಲಿ ಕೆಲಸ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಚಿಕ್ಕಂದಿನಿಂದ ಓದಿಕೊಂಡು ಬಂದಿದ್ದೇನೆ. ನಮ್ಮ ಕರಾವಳಿಯ ಕಥೆಗಳನ್ನು ಇಂಗ್ಲಿಷಿಗೆ ತರಬೇಕೆಂಬ ಆಸೆಯಿದೆ. ಬರೆದು ನೋಡಿದರೆ ಅರ್ಥ ಸರಿಯಿರುತ್ತದೆ, ಕಥೆ ಮಾತ್ರ ಸಪ್ಪೆಯಾಗಿರುತ್ತದೆ. ಈ ಕಸುಬನ್ನು ಕಲಿಸುವ ಪುಸ್ತಕಗಳು ಯಾವುವು, ಯಾವುದರಿಂದ ತೊಡಗಲಿ?

ಸಂಪಾದಕರ ಉತ್ತರ:

ಮಾನ್ಯರೇ,

ಎ.ಕೆ. ರಾಮಾನುಜನ್ ಅವರ ‘ಆನ್ ಟ್ರಾನ್ಸ್‌ಲೇಟಿಂಗ್ ಎ ತಮಿಳ್ ಪೊಯೆಮ್’ ಎಂಬ ಪ್ರಬಂಧದಿಂದ ತೊಡಗಿರಿ. ಆಕ್ಸ್‌ಫರ್ಡ್ ಪ್ರಕಾಶನ 1999ರಲ್ಲಿ ತಂದ ಅವರ ಸಮಗ್ರ ಪ್ರಬಂಧಗಳ ಸಂಪುಟದಲ್ಲಿ ಅದು ಇದೆ. ಅನುವಾದದ ಬಗ್ಗೆ ದಪ್ಪ ಪುಸ್ತಕಗಳು ಬಹಳ ಇದ್ದರೂ ಇದನ್ನೇ ಮೊದಲು ಹೇಳುವುದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಅರ್ಥ ಸರಿಯಿದ್ದೂ ಕಥೆ ಸಪ್ಪೆಯಾಗುತ್ತಿದ್ದರೆ, ದೋಷವನ್ನು ಪದಗಳಲ್ಲಿ ಹುಡುಕುವ ಮೊದಲು ವಾಕ್ಯದೊಳಗಿನ ಅನುಕ್ರಮದಲ್ಲಿ ಹುಡುಕಬೇಕು. ಓದುಗನಿಗೆ ಯಾವ ಸಂಗತಿ ಮೊದಲು ತಿಳಿಯಿತು, ಯಾವುದು ಕೊನೆಗೆ ತಿಳಿಯಿತು ಎಂಬುದು ಅನುವಾದದಲ್ಲಿ ತಲೆಕೆಳಗಾಗಿರುತ್ತದೆ. ಈ ಒಂದು ತೊಡಕನ್ನು ದ್ರಾವಿಡ ಭಾಷೆಯೊಂದರ ಒಳಗಿನಿಂದ ಇಷ್ಟು ತಿಳಿಯಾಗಿ ಬಿಡಿಸಿ ತೋರಿಸಿದ ಬರಹ ನನಗೆ ಇನ್ನೊಂದು ಸಿಕ್ಕಿಲ್ಲ.

ಪ್ರಬಂಧದ ಕೇಂದ್ರದಲ್ಲಿರುವುದು ಪ್ರಾಚೀನ ತಮಿಳಿನ ‘ಐಂಕುರುನೂರು’ ಸಂಕಲನದ ಒಂದು ಪುಟ್ಟ ಪದ್ಯ. ನಮ್ಮ ತೋಟದ ಜೇನು ಬೆರೆಸಿದ ಹಾಲಿಗಿಂತ, ಅವನ ನಾಡಿನಲ್ಲಿ ತರಗೆಲೆ ಬಿದ್ದ ಹೊಂಡದಡಿಯಲ್ಲಿ ಪ್ರಾಣಿಗಳು ಕುಡಿದು ಬಿಟ್ಟ ಕದಡಿದ ನೀರೇ ಸಿಹಿ ಎಂದು ನಾಯಕಿ ಗೆಳತಿಗೆ ಹೇಳುತ್ತಾಳೆ. ತಮಿಳಿನಲ್ಲಿ ‘ನೀರು’ ಕಟ್ಟಕಡೆಗೆ ಬರುತ್ತದೆ. ವಿಶೇಷಣಗಳೆಲ್ಲ ಎಡದಲ್ಲಿ ಒಂದರ ಹಿಂದೊಂದು ಸಾಲುಗಟ್ಟಿ, ತಾವು ಹೇಳುತ್ತಿರುವ ವಸ್ತುವನ್ನು ಕೊನೆಗೆ ತೋರಿಸುತ್ತವೆ. ಇಂಗ್ಲಿಷಿನಲ್ಲಿ ಇದು ಕನ್ನಡಿಯೊಳಗಿನ ಬಿಂಬದಂತೆ ತಿರುಗುತ್ತದೆ: ನೀರು ಮೊದಲು ಬಂದುಬಿಡುತ್ತದೆ, ಎಲೆಗಳೂ ಪ್ರಾಣಿಗಳೂ ಅದರ ಬೆನ್ನಿಗೆ ಬರುತ್ತವೆ. ತಾರೀಕು ಹೇಳುವ ಕ್ರಮದಲ್ಲಿಯೂ ಇದೇ ತಿರುವು ಇದೆಯೆಂದು ರಾಮಾನುಜನ್ ತೋರಿಸುತ್ತಾರೆ. ನಾವು ವರ್ಷ, ತಿಂಗಳು, ದಿನ ಎಂದು ಒಳಕ್ಕೆ ಹೋಗುತ್ತೇವೆ. ಇಂಗ್ಲಿಷು ದಿನದಿಂದ ಹೊರಟು ವರ್ಷಕ್ಕೆ ಬರುತ್ತದೆ. ತಮಿಳಿನ ಬಗ್ಗೆ ಅವರು ಹೇಳಿದ್ದೆಲ್ಲ ಈ ವಿಷಯದಲ್ಲಿ ಕನ್ನಡಕ್ಕೂ ಹೊಂದುತ್ತದೆ. ಮೂಲದ ಒಂದೊಂದು ಪದವನ್ನೂ ಅದರ ಅರ್ಥದೊಂದಿಗೆ ಬಿಡಿಬಿಡಿಯಾಗಿ ಮುಂದಿಟ್ಟು ಆಮೇಲೆ ತಮ್ಮ ಅನುವಾದಕ್ಕೆ ಬರುವುದರಿಂದ, ಅವರು ಎಲ್ಲಿ ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ನೀವೇ ಗುರುತಿಸಬಹುದು.

ಪ್ರಬಂಧದ ಕೊನೆಯ ಭಾಗದಲ್ಲಿ ಅವರು ‘ಸ್ಟ್ರಕ್ಚರಲ್ ಮಿಮಿಕ್ರಿ’ ಎಂಬ ಮಾತನ್ನು ಬಳಸುತ್ತಾರೆ. ಪದಕ್ಕೆ ಪದ ಜೋಡಿಸುವುದನ್ನು ಬಿಟ್ಟು, ಮೂಲದ ಭಾಗಗಳ ನಡುವಿನ ಸಂಬಂಧವನ್ನು, ಅವು ಕೂಡಿ ಮಾಡಿದ ವಿನ್ಯಾಸವನ್ನು ಹೊಸ ಭಾಷೆಯಲ್ಲಿ ಅನುಕರಿಸುವುದು ಎಂದು ಅದನ್ನು ಅರ್ಥಮಾಡಿಕೊಳ್ಳಬಹುದು. ಕೇಳಲು ಇದು ಸುಲಭ. ಮಾಡಿ ನೋಡಿದಾಗಲೇ ಇದರ ಬಿಗಿ ತಿಳಿಯುವುದರಿಂದ, ನಮ್ಮ ಕಡೆಯ ಕಥೆಯೊಂದರಲ್ಲಿ ಬರಬಹುದಾದ ಒಂದು ವಾಕ್ಯವನ್ನು ಇಲ್ಲಿ ನಾನೇ ಬರೆದು ಬಿಡಿಸುತ್ತೇನೆ:

“ಮಗಳ ಮದುವೆಗೆಂದು ಸೊಸೈಟಿಯಲ್ಲಿ ಇಟ್ಟಿದ್ದ ಹಣವನ್ನು ತೆಗೆದು ಮಲ್ಪೆಯಲ್ಲಿ ಕೊಂಡ ದೋಣಿ ಬೆಳಿಗ್ಗೆ ನೋಡುವಾಗ ದಡದಲ್ಲಿರಲಿಲ್ಲ.”

ಓದುಗನಿಗೆ ಇಲ್ಲಿ ಸಂಗತಿಗಳು ತಿಳಿಯುವ ಕ್ರಮವನ್ನು ಗಮನಿಸಿರಿ. ಮಗಳು, ಮದುವೆ, ಸೊಸೈಟಿ, ಹಣ, ಮಲ್ಪೆ, ದೋಣಿ, ಬೆಳಿಗ್ಗೆ, ದಡ, ಕೊನೆಗೆ ‘ಇರಲಿಲ್ಲ’. ದೋಣಿ ಎಂಬ ಪದ ಬರುವಷ್ಟರಲ್ಲಿ ಅದರ ಮೇಲೆ ಮದುವೆಯ ಭಾರ ಆಗಲೇ ಬಿದ್ದಿದೆ. ಇದನ್ನು ವ್ಯಾಕರಣದ ದಾರಿ ಹಿಡಿದು ಇಂಗ್ಲಿಷಿಗೆ ಹಾಕಿದರೆ ದೋಣಿಯೇ ಮೊದಲು ಬರುತ್ತದೆ. ಅದರ ಹಿಂದೆ ಮಲ್ಪೆ, ಸೊಸೈಟಿ, ಹಣ, ಮದುವೆ ಎಲ್ಲವೂ ‘ದಟ್’, ‘ವಿಚ್’ಗಳ ಕೊಂಡಿಯಲ್ಲಿ ಸಿಕ್ಕಿಕೊಂಡು, ಕರ್ತೃವಾದ ದೋಣಿಗೂ ಅದರ ಕ್ರಿಯಾಪದಕ್ಕೂ ನಡುವೆ ಹದಿನೈದು ಇಪ್ಪತ್ತು ಪದಗಳ ಅಂತರ ಬೀಳುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ, ಅರ್ಥದಲ್ಲಿಯೂ ತಪ್ಪಿಲ್ಲ. ಆದರೆ ಮಗಳ ಮದುವೆ ದೋಣಿಯ ಕುರಿತಾದ ಒಂದು ಮಾಹಿತಿಯಾಗಿ ಇಳಿದುಹೋಯಿತು. ನೀವು ಸಪ್ಪೆ ಎನ್ನುವುದು ಬಹುಮಟ್ಟಿಗೆ ಇದನ್ನೇ ಇರಬೇಕು.

ಇದನ್ನು ಕಂಡವರು ಸಾಮಾನ್ಯವಾಗಿ ಮಾಡುವ ಎರಡನೆಯ ಪ್ರಯತ್ನವೆಂದರೆ ವಾಕ್ಯವನ್ನು ಮೂರಾಗಿ ಒಡೆಯುವುದು. ಮದುವೆಯ ಹಣ ಸೊಸೈಟಿಯಲ್ಲಿತ್ತು. ಅದನ್ನು ತೆಗೆದು ದೋಣಿ ಕೊಂಡರು. ಬೆಳಿಗ್ಗೆ ದೋಣಿ ಇರಲಿಲ್ಲ. ಅನುಕ್ರಮವೇನೋ ಉಳಿಯಿತು. ಆದರೆ ಮೂರೂ ಸಂಗತಿಗಳು ಸಮಾನ ತೂಕದ ಹೇಳಿಕೆಗಳಾಗಿ ನಿಂತು, ಒಂದೇ ಉಸಿರಿನಲ್ಲಿ ಕೊನೆಯವರೆಗೆ ಎಳೆದುಕೊಂಡು ಹೋಗುತ್ತಿದ್ದ ಒತ್ತಡ ಮಾಯವಾಯಿತು. ಕಥೆಯ ಉದ್ದಕ್ಕೂ ಹೀಗೆ ಒಡೆಯುತ್ತ ಹೋದರೆ ಪ್ರೌಢ ಲೇಖಕರ ಗದ್ಯ ಶಾಲಾ ಪಾಠದ ಗದ್ಯವಾಗುತ್ತದೆ.

ಮೂರನೆಯ ದಾರಿಯಲ್ಲಿ ಕರ್ತೃವನ್ನೇ ಬದಲಿಸಬೇಕು. ದೋಣಿಯ ಬದಲು ಹಣವನ್ನು ವಾಕ್ಯದ ಕರ್ತೃವಾಗಿ ಮಾಡಿ, ಮಗಳ ಮದುವೆಗೆಂದು ಇಟ್ಟ ಹಣ ಮಲ್ಪೆಯ ದೋಣಿಯೊಂದಕ್ಕೆ ಹೋಗಿತ್ತು, ಬೆಳಗಾದಾಗ ಆ ದೋಣಿ ದಡದಲ್ಲಿರಲಿಲ್ಲ ಎಂಬ ಕಟ್ಟಿನಲ್ಲಿ ಇಂಗ್ಲಿಷ್ ವಾಕ್ಯವನ್ನು ಬರೆಯಿರಿ. ನಡುವೆ ಒಂದು ‘ಆಂಡ್’ ಸಾಕು. ಮದುವೆ ಮೊದಲು ಬಂತು, ದೋಣಿ ನಡುವೆ ನಿಂತಿತು, ಇಲ್ಲದಿರುವಿಕೆ ಕೊನೆಗೆ ಬಿತ್ತು. ವ್ಯಾಕರಣ ಮೂಲದ್ದಲ್ಲ, ವಿನ್ಯಾಸ ಮೂಲದ್ದೇ. ಇದಕ್ಕೆ ಬೆಲೆಯನ್ನೂ ತೆತ್ತಿದ್ದೇವೆ; ಸೊಸೈಟಿಗೆ ಈ ವಾಕ್ಯದಲ್ಲಿ ಜಾಗ ಸಿಗಲಿಲ್ಲ. ಅದನ್ನು ಹಿಂದಿನ ಅಥವಾ ಮುಂದಿನ ವಾಕ್ಯದಲ್ಲಿ ಸೇರಿಸಬಹುದೇ ಎಂದು ನೋಡಬೇಕು.

ಈ ವಾಕ್ಯದಲ್ಲಿ ಇನ್ನೊಂದು ತೊಡಕಿದೆ. ಹಣ ತೆಗೆದವರು ಯಾರು, ಬೆಳಿಗ್ಗೆ ನೋಡಿದವರು ಯಾರು? ಕನ್ನಡ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಇಂಗ್ಲಿಷು ಸಾಮಾನ್ಯವಾಗಿ ಅವನು, ಅವಳು, ಅವರು ಎಂದು ಒಬ್ಬರನ್ನು ಕೇಳುತ್ತದೆ. ಇದಕ್ಕಾಗಿ ಎರಡನೆಯದಾಗಿ ಎಲಿಯಟ್ ವೈನ್‌ಬರ್ಗರ್ ಅವರ ‘ನೈಂಟೀನ್ ವೇಸ್ ಆಫ್ ಲುಕಿಂಗ್ ಅಟ್ ವಾಂಗ್ ವೇ’ ಎಂಬ ಪುಟ್ಟ ಪುಸ್ತಕವನ್ನು ಓದಿರಿ. 1987ರಲ್ಲಿ ಬಂದ ಈ ಪುಸ್ತಕವನ್ನು 2016ರಲ್ಲಿ ಇನ್ನಷ್ಟು ಅನುವಾದಗಳನ್ನು ಸೇರಿಸಿ ಮತ್ತೆ ಪ್ರಕಟಿಸಿದರು. ಎಂಟನೆಯ ಶತಮಾನದ ಚೀನೀ ಕವಿಯ ನಾಲ್ಕು ಸಾಲಿನ, ಕೇವಲ 20 ಅಕ್ಷರಗಳ ಪದ್ಯವೊಂದರ ಬೇರೆ ಬೇರೆ ಅನುವಾದಗಳನ್ನು ಒಂದರ ನಂತರ ಒಂದಾಗಿ ಇಟ್ಟು, ಪ್ರತಿಯೊಂದರ ಮೇಲೂ ಅವರು ಚಿಕ್ಕ, ನೇರವಾದ ಟಿಪ್ಪಣಿ ಬರೆಯುತ್ತಾರೆ. ಪದ್ಯದ ಮೊದಲ ಸಾಲು ಖಾಲಿ ಬೆಟ್ಟ, ಯಾರೂ ಕಾಣುವುದಿಲ್ಲ ಎನ್ನುತ್ತದೆ. ನೋಡುತ್ತಿರುವವನು ಯಾರು ಎಂಬುದು ಅಲ್ಲಿಲ್ಲ. ಹಲವು ಅನುವಾದಕರು ಅಲ್ಲಿ ಒಬ್ಬ ‘ನಾನು’ವನ್ನು ತಂದು ನಿಲ್ಲಿಸಿದ್ದಾರೆ, ಅದರಿಂದ ಯಾರೂ ಇಲ್ಲದ ಬೆಟ್ಟದಲ್ಲಿ ಒಬ್ಬ ಪ್ರವಾಸಿ ಓಡಾಡತೊಡಗುತ್ತಾನೆ. ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದಾದ ಪುಸ್ತಕವಿದು. ಚೀನೀ ಭಾಷೆ ತಿಳಿಯದಿದ್ದರೂ ಅಡ್ಡಿಯಿಲ್ಲ. ಓದಿದ ಬಳಿಕ ನಮ್ಮ ದೋಣಿಯ ವಾಕ್ಯಕ್ಕೆ ಹಿಂದಿರುಗಿದರೆ, ಹಣವೇ ದೋಣಿಗೆ ‘ಹೋಗಿತ್ತು’ ಎಂಬ ಕಟ್ಟಿನಿಂದ ಯಾರನ್ನೂ ಹೆಸರಿಸದೆ ಪಾರಾಗಬಹುದು ಎಂಬುದರ ಲಾಭ ಕಾಣುತ್ತದೆ. ಲೇಖಕರು ಬೇಕೆಂದೇ ಮುಚ್ಚಿಟ್ಟ ವ್ಯಕ್ತಿಯನ್ನು ಅನುವಾದಕರು ಹೊರಗೆಳೆಯಬಾರದು. ಹಿಂದಿನ ಪುಟದಿಂದ ವ್ಯಕ್ತಿ ಸ್ಪಷ್ಟವಾಗಿದ್ದರೆ ಮಾತ್ರ ಸರ್ವನಾಮ ಬಳಸಲು ಸಂಕೋಚ ಬೇಡ.

ಮೂರನೆಯದು ಪಠ್ಯಪುಸ್ತಕ. ಮೋನಾ ಬೇಕರ್ ಅವರ ‘ಇನ್ ಅದರ್ ವರ್ಡ್ಸ್’ 1992ರಲ್ಲಿ ಮೊದಲು ಬಂದು ಆಮೇಲೆ ಪರಿಷ್ಕೃತವಾಗಿದೆ. ಇದನ್ನು ಮೊದಲ ಪುಟದಿಂದ ಹಿಡಿಯಬೇಡಿ. ನಾಲ್ಕನೆಯ ಅಧ್ಯಾಯ ವಚನ, ಲಿಂಗ, ಪುರುಷ, ಕಾಲಗಳು ಭಾಷೆಯಿಂದ ಭಾಷೆಗೆ ಹೇಗೆ ಬೇರೆಯಾಗುತ್ತವೆ ಎಂಬುದನ್ನೂ, ಐದನೆಯದು ವಾಕ್ಯದ ಆರಂಭದಲ್ಲಿ ಏನನ್ನು ಇಡುತ್ತೇವೆ, ಹೊಸ ಸುದ್ದಿಯನ್ನು ಎಲ್ಲಿ ಹೇಳುತ್ತೇವೆ ಎಂಬುದನ್ನೂ ವಿವರಿಸುತ್ತದೆ. ಮೇಲೆ ಮಾಡಿದ ಕೆಲಸಕ್ಕೆ ಶಾಸ್ತ್ರ ಅಲ್ಲಿದೆ. ಆಮೇಲೆ ಎರಡನೆಯ ಅಧ್ಯಾಯಕ್ಕೆ ಬಂದರೆ, ಸಮಾನ ಪದವಿಲ್ಲದಾಗ ಅನುವಾದಕರು ಬಳಸುವ ಉಪಾಯಗಳು ಸಿಗುತ್ತವೆ. ‘ಸೊಸೈಟಿ’ಯಂಥ ಪದ ಅದಕ್ಕೆ ತಕ್ಕ ಉದಾಹರಣೆ: ಇಂಗ್ಲಿಷಿನಿಂದಲೇ ಬಂದ ಈ ಪದವನ್ನು ಹಾಗೆಯೇ ಹಿಂದಿರುಗಿಸಿದರೆ ಹೊರಗಿನ ಓದುಗನಿಗೆ ಅದು ಸಹಕಾರಿ ಸಂಘವೆಂದು ತಿಳಿಯುವುದೇ ಇಲ್ಲ. ಬೇಕರ್ ಅವರ ಉದಾಹರಣೆಗಳು ಬಹಳಷ್ಟು ಕಥೆ ಕಾದಂಬರಿಗಳ ಆಚೆಯಿಂದ ಬಂದವು, ಓದು ಕೆಲವೊಮ್ಮೆ ಒಣ ಎನಿಸಬಹುದು. ಆದರೂ ಅಧ್ಯಾಯದ ಕೊನೆಯ ಅಭ್ಯಾಸಗಳನ್ನು ಕನ್ನಡದ ವಾಕ್ಯಗಳ ಮೇಲೆ ಮಾಡಿ ನೋಡಿರಿ.

ಜಾರ್ಜ್ ಸ್ಟೈನರ್ ಅವರ ‘ಆಫ್ಟರ್ ಬೇಬೆಲ್’, ಲಾರೆನ್ಸ್ ವೆನುಟಿ ಅವರ ‘ದಿ ಟ್ರಾನ್ಸ್‌ಲೇಟರ್ಸ್ ಇನ್‌ವಿಸಿಬಿಲಿಟಿ’ ಇವನ್ನು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಎರಡೂ ದೊಡ್ಡ ಪುಸ್ತಕಗಳೇ, ಆದರೆ ಈಗ ಬೇಡ. ಸರಾಗವಾದ ಇಂಗ್ಲಿಷು ಅನುವಾದಕರನ್ನೂ ಮೂಲದ ಪರಕೀಯತೆಯನ್ನೂ ಅಳಿಸಿಹಾಕುತ್ತದೆ ಎಂಬ ವೆನುಟಿಯವರ ವಾದ ಗಂಭೀರವಾದದ್ದು. ಸರಾಗವಾಗಿ ಬರೆಯಲು ಇನ್ನೂ ಬಾರದವರ ಕೈಯಲ್ಲಿ ಅದು ತೊಡಕಿನ ವಾಕ್ಯಕ್ಕೆ ಸಮರ್ಥನೆಯಾಗಿಬಿಡುವ ಅಪಾಯವಿದೆ. ಅದಕ್ಕಿಂತ ಮೊದಲು, ಬಾನು ಮುಷ್ತಾಕ್ ಅವರ ಕಥೆಗಳನ್ನು ‘ಹಾರ್ಟ್ ಲ್ಯಾಂಪ್’ ಎಂದು ಇಂಗ್ಲಿಷಿಗೆ ತಂದು 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಲೇಖಕಿಯೊಂದಿಗೆ ಹಂಚಿಕೊಂಡ ದೀಪಾ ಭಾಸ್ತಿ ಅವರ ಅನುವಾದಕಿಯ ಟಿಪ್ಪಣಿಯನ್ನು ಓದಿರಿ. ಮೂಲದ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಿ ತೋರಿಸದಿರುವುದಕ್ಕೆ ಅವರು ಕೊಡುವ ಕಾರಣಗಳು ಕೆಲಸದ ಮಧ್ಯದಿಂದ ಬಂದವು.

ಓದಿನ ಜೊತೆಗೆ ಒಂದು ಅಭ್ಯಾಸವನ್ನು ಇಟ್ಟುಕೊಳ್ಳಿರಿ. ಒಂದು ಪ್ಯಾರಾ ಅನುವಾದಿಸಿದ ಮೇಲೆ, ಮೂಲದ ಪ್ರತಿ ವಾಕ್ಯದ ನಾಮಪದಗಳನ್ನು ಬರುವ ಕ್ರಮದಲ್ಲೇ ಒಂದು ಸಾಲಿನಲ್ಲಿ ಬರೆಯಿರಿ, ಕೆಳಗೆ ನಿಮ್ಮ ಇಂಗ್ಲಿಷಿನವನ್ನು ಬರೆಯಿರಿ. ಎರಡು ಸಾಲುಗಳು ಎಲ್ಲೆಡೆ ಒಂದೇ ಆಗಿರಬೇಕಿಲ್ಲ. ಆದರೆ ಕೊನೆಯ ಪದ ಬದಲಾದಲ್ಲೆಲ್ಲ ಅದು ನೀವು ತಿಳಿದು ಮಾಡಿದ ಬದಲಾವಣೆಯೇ ಎಂದು ಕೇಳಿಕೊಳ್ಳಿ. ಇದೇ ರೀತಿಯಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ದ ಒಂದು ಪುಟವನ್ನು ರಾಮಾನುಜನ್ ಅವರ 1976ರ ಅನುವಾದದ ಪಕ್ಕದಲ್ಲಿಟ್ಟು ಪರೀಕ್ಷಿಸಿದರೆ, ಪ್ರಬಂಧದಲ್ಲಿ ಹೇಳಿದ್ದನ್ನು ಅವರು ಗದ್ಯದಲ್ಲಿ ಎಷ್ಟರಮಟ್ಟಿಗೆ ನಡೆಸಿದ್ದಾರೆಂದು ತಿಳಿಯುತ್ತದೆ.

ಕೊನೆಯದಾಗಿ ಅನುಮತಿಯ ವಿಷಯ. ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅನುವಾದದ ಹಕ್ಕು ಲೇಖಕರದ್ದು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅದು ವಾರಸುದಾರರಲ್ಲಿ ಇರುತ್ತದೆ. 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಕೃತಿಗಳು ಹೀಗಾಗಿ 2057ರ ಕೊನೆಯವರೆಗೆ ಹಕ್ಕಿಗೆ ಒಳಪಟ್ಟಿವೆ. ನಿಮ್ಮ ಅಭ್ಯಾಸಕ್ಕೆ ಯಾರ ಕಥೆಯನ್ನಾದರೂ ಬಳಸಿರಿ. ಪ್ರಕಟಿಸುವ ಉದ್ದೇಶವಿದ್ದರೆ, ಇಡೀ ಕಥೆಗೆ ಕೈಹಾಕುವ ಮೊದಲೇ ಹಕ್ಕುದಾರರಿಗೆ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಆ ಕಾಯುವಿಕೆ ಬೇಡವೆಂದಾದರೆ ಕನ್ನಡದ ಆರಂಭದ ಸಣ್ಣಕಥೆಗಾರರಲ್ಲಿ ಒಬ್ಬರಾದ ನಮ್ಮ ಪಂಜೆ ಮಂಗೇಶರಾಯರಿಂದ ತೊಡಗಬಹುದು. ಅವರು ತೀರಿಕೊಂಡದ್ದು 1937ರಲ್ಲಿ, ಆದ್ದರಿಂದ ಯಾರ ಅನುಮತಿಯೂ ಬೇಕಾಗಿಲ್ಲ. ಅವರ ಕಾಲದ ಪದಗಳಿಗೆ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇಂದಿಗೂ ಒಳ್ಳೆಯ ಸಹಾಯ.