ಬುಲ್‌ವಿಪ್ ಪ್ರಶ್ನೆಗೆ ಒಂದು ಲೆಕ್ಕ ಸೇರಿಸಿ

> "ಬುಲ್‌ವಿಪ್ ಎಫೆಕ್ಟ್‌ಗೆ ನಾಲ್ಕೂ ಕಾರಣ ಬರೆದೆ, ಆದ್ರೂ 10ಕ್ಕೆ 4 ಅಂಕ. ಇನ್ನೇನು ಬರೀಬೇಕಿತ್ತು?"

ಬುಲ್‌ವಿಪ್ ಅಂದರೆ ಗಿರಾಕಿಯ ಬೇಡಿಕೆಯ ಸಣ್ಣ ಏರಿಳಿತ ಅಂಗಡಿಯಿಂದ ಕಾರ್ಖಾನೆಯ ಕಡೆ ಹೋದಂತೆ ಆರ್ಡರ್‌ಗಳಲ್ಲಿ ದೊಡ್ಡದಾಗುವುದು. ಕಾರಣಗಳ ಹೆಸರು ಸಾಲದು, ಏರಿಳಿತ ಹೇಗೆ ದೊಡ್ಡದಾಗುತ್ತದೆ ಅಂತ ತೋರಿಸಬೇಕು. ಡಿಮಾಂಡ್ ಫೋರ್‌ಕಾಸ್ಟ್, ಅಂದರೆ ಮುಂದಿನ ಬೇಡಿಕೆಯ ಅಂದಾಜು, ಈ ಕಾರಣವನ್ನೇ ತಗೊಳ್ಳಿ, ಅದರಲ್ಲಿ ಲೆಕ್ಕ ಸುಲಭ.

ಅಂಗಡಿಯಲ್ಲಿ ವಾರಕ್ಕೆ 100 ಪ್ಯಾಕ್ ಡೈಪರ್ ಮಾರಾಟ. ಎಲ್ಲರೂ ಎರಡು ವಾರದ ಸ್ಟಾಕ್ ಇಟ್ಟುಕೊಳ್ಳುತ್ತಾರೆ. ಒಂದು ವಾರ ಮಾರಾಟ 110 ಆಯಿತು. ಇನ್ನು ಮುಂದೆ ಹೀಗೇ ಅಂದುಕೊಂಡ ಅಂಗಡಿಯವರಿಗೆ ಈಗ 200ರ ಬದಲು 220 ಸ್ಟಾಕ್ ಬೇಕು. ಹಾಗಾಗಿ ಆರ್ಡರ್ 110 + 20 = 130. ಹೋಲ್‌ಸೇಲರ್‌ಗೆ ಕಾಣುವುದು ಈ 130 ಮಾತ್ರ. ಅವರಿಗೂ ಈಗ 200ರ ಬದಲು 260 ಸ್ಟಾಕ್ ಬೇಕು, ಹಾಗಾಗಿ ಅವರ ಆರ್ಡರ್ 130 + 60 = 190. ವಿತರಕರದು 190 + 180 = 370! ಗಿರಾಕಿ ಕೇಳಿದ್ದು 10 ಜಾಸ್ತಿ, ಕಾರ್ಖಾನೆಗೆ ಹೋಗಿದ್ದು 270 ಜಾಸ್ತಿ.

ಮುಂದಿನ ವಾರವೂ ಮಾರಾಟ 110 ಇದ್ದರೆ ಅಂಗಡಿಯ ಆರ್ಡರ್ 110ಕ್ಕೆ ಇಳಿಯುತ್ತದೆ. ಹೋಲ್‌ಸೇಲರ್‌ಗೆ ಬೇಕಾದ ಸ್ಟಾಕ್ 260ರಿಂದ 220ಕ್ಕೆ ಇಳಿಯುವುದರಿಂದ ಅವರ ಆರ್ಡರ್ 110 - 40 = 70, ಹೀಗೇ ಲೆಕ್ಕ ಹಾಕಿದರೆ ವಿತರಕರದು ಸೊನ್ನೆ. ಈ ಇಳಿತವನ್ನೂ ಖಂಡಿತ ಬರೆಯಿರಿ, ಬಹಳ ಜನ ಬಿಟ್ಟುಬಿಡುತ್ತಾರೆ.

ಡೈಪರ್ ಸುಮ್ನೆ ಆರಿಸಿದ್ದಲ್ಲ. ಪ್ಯಾಂಪರ್ಸ್‌ನಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಡದ್ದು ಇದನ್ನೇ. ಮಕ್ಕಳ ಬಳಕೆ ಹೆಚ್ಚುಕಡಿಮೆ ಸ್ಥಿರ, ಆರ್ಡರ್ ಮಾತ್ರ ಏರುಪೇರು.

ಲೀಡ್ ಟೈಮ್, ಅಂದರೆ ಆರ್ಡರ್ ಕೊಟ್ಟು ಸರಕು ಕೈಸೇರುವವರೆಗಿನ ಸಮಯ, ಕಡಿಮೆಯಾಗಿ ಒಂದೇ ವಾರದ ಸ್ಟಾಕ್ ಸಾಕಾದರೆ ಇದೇ ಲೆಕ್ಕದಲ್ಲಿ 370 ಹೋಗಿ 180 ಆಗುತ್ತದೆ. ಅಂಗಡಿಯ ಮಾರಾಟದ ಮಾಹಿತಿ ನೇರವಾಗಿ ಕಾರ್ಖಾನೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಬ್ಯಾಚ್ ಆರ್ಡರ್, ಬೆಲೆ ಏರಿಳಿತ, ಕೊರತೆ ಬಂದಾಗ ಬೇಕಂತಲೇ ಜಾಸ್ತಿ ಕೇಳುವುದು, ಈ ಮೂರಕ್ಕೆ ಎರಡೆರಡು ಸಾಲು ಸಾಕು.