ಗೆಳೆಯ ಹೇಳಿದ ಸಂಬಳ, ನನಗೆ ಸಪ್ಪೆಯಾದ ಕೆಲಸ

"ಕಾಲೇಜಿನ ಗೆಳೆಯರೆಲ್ಲ ಮ್ಯಾನೇಜರ್, ಡೈರೆಕ್ಟರ್ ಆಗಿಬಿಟ್ಟಿದ್ದಾರೆ, ಸಂಬಳವೂ ನನಗಿಂತ ಜಾಸ್ತಿ. ಇಷ್ಟಪಟ್ಟು ಮಾಡ್ತಿದ್ದ ಕೆಲಸ ಈಗ ಬೇಡ ಅನಿಸ್ತಿದೆ. ಏನು ಮಾಡಲಿ?"

ರಾಜೀನಾಮೆ ಬರೆಯುವ ಮೊದಲು ಆ ಸಂಬಳವನ್ನು ಬಿಡಿಸಿ ನೋಡಿ. ನಾನು ಅದನ್ನು ಮಾಡದೆ ಒಂದು ವರ್ಷ ಒಳಗೊಳಗೇ ಕುದಿದೆ.

ನನ್ನ ವರ್ಷದ ಸಂಬಳ 100 ಅಂತ ಇಟ್ಟುಕೊಳ್ಳಿ. ಜೊತೆಗೆ ಓದಿದವನೊಬ್ಬ ಫೋನಿನಲ್ಲಿ ತನ್ನದು 180 ಅಂದ. ಮಾರನೇ ದಿನ ಅದೇ ಆಫೀಸು, ಅದೇ ಟೀಮು, ಆದರೆ ಎಲ್ಲ ಸಪ್ಪೆ. ಬಹಳ ದಿನದ ಮೇಲೆ ಧೈರ್ಯ ಮಾಡಿ ಅವನನ್ನೇ ಕೇಳಿದೆ, ಅವನೂ ಬಿಚ್ಚಿ ಹೇಳಿದ. ತಿಂಗಳು ತಿಂಗಳು ಬರೋದನ್ನು ಕೂಡಿದರೆ 115. ಸೇರುವಾಗ ಒಂದೇ ಸಲ ಕೊಟ್ಟ ಬೋನಸ್ 15. ಕಂಪನಿಯ ಲಾಭ, ಅವನ ರೇಟಿಂಗ್ ಎರಡೂ ಚೆನ್ನಾಗಿದ್ದರೆ ಮಾತ್ರ ಸಿಗೋದು 20. ಉಳಿದ 30 ಷೇರು, ಅದೂ ನಾಲ್ಕು ವರ್ಷ ಅಲ್ಲೇ ಇದ್ದರೆ ವರ್ಷಕ್ಕಿಷ್ಟು ಅಂತ ಕೈಗೆ ಬರೋದು, ಬೆಲೆ ಬಿದ್ದರೆ ಕಡಿಮೆ. ನನ್ನ 100 ಪೂರ್ತಿ ತಿಂಗಳ ಸಂಬಳವೇ. ಅಂದರೆ ಖಚಿತವಾದ ವ್ಯತ್ಯಾಸ 15, ನಾನು ಕೊರಗಿದ್ದು 80ಕ್ಕೆ.

ಹುದ್ದೆಯ ಕಥೆಯೂ ಹೀಗೇ. ಎಷ್ಟೋ ಬ್ಯಾಂಕುಗಳಲ್ಲಿ ವೈಸ್ ಪ್ರೆಸಿಡೆಂಟ್ ಅಂದರೆ ನಡುವಿನ ಹಂತ, ಕೈಕೆಳಗೆ ಒಬ್ಬರೂ ಇಲ್ಲದಿರಬಹುದು. ಹತ್ತು ಜನರ ಕಂಪನಿಯ ಡೈರೆಕ್ಟರ್, ದೊಡ್ಡ ಕಂಪನಿಯ ಡೈರೆಕ್ಟರ್ ಮಾಡೋ ಕೆಲಸ ಒಂದೇ ಅಲ್ಲ ಅಲ್ವಾ?

ಆದರೂ ಉಳಿದ 15 ಚುಚ್ಚುತ್ತದೆ, ಅದು ಸುಳ್ಳಲ್ಲ. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೆಲವು ನೌಕರರಿಗೆ, ಸಹೋದ್ಯೋಗಿಗಳ ಸಂಬಳ ನೋಡಬಹುದಾದ ವೆಬ್‌ಸೈಟ್ ಇದೆ ಅಂತ ತಿಳಿಸಿ ಏನಾಗುತ್ತದೆ ಅಂತ ನೋಡಿದರು. 2012ರಲ್ಲಿ ಅದು ಪ್ರಕಟವಾಯಿತು. ತಮ್ಮ ವಿಭಾಗದ ನಡುವಿನ ಸಂಬಳಕ್ಕಿಂತ ಕಡಿಮೆ ಪಡೆಯುತ್ತಿದ್ದವರಿಗೆ ಕೆಲಸದ ಮೇಲಿನ ತೃಪ್ತಿ ಇಳಿಯಿತು, ಬೇರೆ ಕೆಲಸ ಹುಡುಕುವ ಮನಸ್ಸು ಹೆಚ್ಚಾಯಿತು. ಜಾಸ್ತಿ ಪಡೆಯುತ್ತಿದ್ದವರ ತೃಪ್ತಿ ಮಾತ್ರ ಏರಲಿಲ್ಲ. ನನಗೆ ಕಣ್ಣು ತೆರೆಸಿದ್ದು ಈ ಕೊನೆಯ ಭಾಗ. ಗೆಳೆಯನನ್ನು ಹಿಂದೆ ಹಾಕೋಕೆ ಅಂತಲೇ ಕೆಲಸ ಬದಲಿಸಿದರೆ, ಹಿಂದೆ ಹಾಕಿದ ಮೇಲೂ ಇದೇ ಕೆಲಸದಷ್ಟೇ ಖುಷಿ ಇರಬಹುದು.

ಒಂದು ಹಾಳೆಯಲ್ಲಿ ಬರೆಯಿರಿ: ಗೆಳೆಯರ ಸಂಬಳ ಗೊತ್ತಾಗುವ ಮೊದಲೇ ಈ ಕೆಲಸದಲ್ಲಿ ಏನೇನು ಬೇಸರ ಇತ್ತು? ನನ್ನ ಹಾಳೆಯಲ್ಲಿ ಇದ್ದಿದ್ದು ಎರಡೇ. ಕಲಿಸುವವರು ಯಾರೂ ಇರಲಿಲ್ಲ, ಮತ್ತು ಮೂರು ವರ್ಷದಿಂದ ಸಂಬಳದ ಬಗ್ಗೆ ನಾನು ಬಾಯೇ ಬಿಟ್ಟಿರಲಿಲ್ಲ. ನನ್ನದೇ ಕೆಲಸ, ನನ್ನಷ್ಟೇ ಅನುಭವ ಇರುವ ಮೂರು ಜನರನ್ನು ವಿಚಾರಿಸಿ, ಆ ಲೆಕ್ಕ ಹಿಡಿದು ಮ್ಯಾನೇಜರ್ ಹತ್ತಿರ ಹೋದೆ. 8 ಹೆಚ್ಚಿಸಿದರು, ಬೇರೆ ಟೀಮಿಗೂ ಹಾಕಿದರು. ನಿಮ್ಮ ಹಾಳೆ ಖಾಲಿ ಉಳಿದರೆ ಸದ್ಯಕ್ಕೆ ಕೆಲಸ ಬಿಡಬೇಡಿ.